ಸಹಾಯ ಬೇಕು: ದುಪಟ್ಟಾ ಅಂಚಿನಲ್ಲಿ ಕೂದಲ ಬಣ್ಣ ಕೆಡುತ್ತಿದೆ
ಫೋಟೋಶಾಪ್‌ನಲ್ಲಿ ಒಂದು ಮೆಹಂದಿ ಫೋಟೋ ಮಾಡುತ್ತಿದ್ದೇನೆ, ಹುಡುಗಿಯ ಕಪ್ಪು ಕೂದಲನ್ನು ಬರ್ಗಂಡಿ ಮಾಡಬೇಕು. ತಲೆ ಮೇಲೆ ತೆಳು ನೆಟ್ ದುಪಟ್ಟಾ, ಕಿವಿ ಹತ್ತಿರ ಅವಳ ಕೈ. ಇಷ್ಟು ಕಪ್ಪಿನ ಮೇಲೆ Color ಮೋಡ್ ಹಾಕಿದರೆ ಬಣ್ಣ ಕಾಣುವುದೇ ಇಲ್ಲ ಅಲ್ವಾ, ಅದಕ್ಕೆ ಮೊದಲು Curves ಹಾಕಿ ಕೂದಲನ್ನು ಸ್ವಲ್ಪ ತಿಳಿ ಮಾಡಿದೆ. ಅಲ್ಲೇ ಎಡವಟ್ಟಾಯಿತು: ಬೆರಳಿನ ನೆರಳೂ ತೆಳುವಾಗಿ, ಕೈ ಸುಮ್ನೆ ಅಂಟಿಸಿದ ಹಾಗಿದೆ. Curves ಮಾಸ್ಕ್‌ನಲ್ಲಿ ಮಾತ್ರ ನೆರಳಿನ ಜಾಗಕ್ಕೆ ಕಪ್ಪು ಹಚ್ಚಿ, ಬಣ್ಣದ ಮಾಸ್ಕ್ ಹಾಗೇ ಬಿಟ್ಟರೆ ಸಾಕಾ?

ದುಪಟ್ಟಾದ್ದು ಇನ್ನೂ ಕಷ್ಟ. ಮಾಸ್ಕ್ ಬಿಳಿ ಇಟ್ಟರೆ ಜರಿ ಅಂಚೂ ಕೆಂಪಾಗುತ್ತದೆ, ಕಪ್ಪು ಇಟ್ಟರೆ ನೆಟ್ ಒಳಗಿಂದ ಹಳೇ ಕೂದಲೇ ಇಣುಕುತ್ತದೆ. 40% ಬೂದು ಹಾಕಿದೆ, ಮಡಿಕೆ ಬಿದ್ದ ಕಡೆ ಅದೂ ಜಾಸ್ತಿ. ಬಟ್ಟೆಯ ಹೊಳಪಿನಿಂದಲೇ ಮಾಸ್ಕ್ ತೆಗೆಯಬಹುದಾ, ಇಲ್ಲ ಮಡಿಕೆ ಮಡಿಕೆಗೂ ಬ್ರಶ್ ಹಿಡಿಯಬೇಕಾ?