ದೇವರಾಜ ಮಾರುಕಟ್ಟೆಯ ಕಪ್ಪು-ಬಿಳುಪು ಚಿತ್ರಗಳಿಗೆ ಕ್ಯಾಪ್ಷನ್: ಬರೆದವರು ಅನುಭವ ಹೇಳಿ

ಪ್ರಶ್ನೆ: ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ತೆಗೆದ ಚಿತ್ರಗಳಲ್ಲಿ ಇಪ್ಪತ್ತನ್ನು ಆರಿಸಿದ್ದೇನೆ. ಕ್ಯಾಪ್ಷನ್ ಬರೆಯಲು ಕೂತರೆ ‘ಬದುಕಿನ ಸಂತೆ’ ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ. ನೀವೆಲ್ಲ ಹೇಗೆ ಬರೆದಿರಿ?

ಹಳೇ ರೋಲು: ನಾನು ಫಿಲ್ಮಿನವನು. ಹದಿನಾಲ್ಕು ರೋಲು, ಒಂದಕ್ಕೂ ತಾರೀಕು ಬರೆದಿಟ್ಟಿರಲಿಲ್ಲ. ಉತ್ತರದ ಹೆಬ್ಬಾಗಿಲ ಚಿತ್ರಕ್ಕೆ ಅಂದಾಜಿನಲ್ಲಿ ‘2017’ ಅಂತ ಹಾಕಿದೆ. ಪ್ರದರ್ಶನದ ಮೊದಲ ದಿನವೇ ಒಬ್ಬ ಹಿರಿಯರು, ‘ಈ ಬಾಗಿಲು 2016ರ ಆಗಸ್ಟ್‌ನಲ್ಲೇ ಕುಸಿದು ಬಿತ್ತಲ್ಲ ಸ್ವಾಮಿ’ ಅಂದರು. ಆ ರೋಲಿನ ಒಂಬತ್ತು ಚಿತ್ರಕ್ಕೂ ಅದೇ ಇಸವಿ ಹಾಕಿದ್ದೆ. ಕ್ಯಾಪ್ಷನ್ನಿನ ಸನ್‌ಬೋರ್ಡ್ ಪಟ್ಟಿಗಳನ್ನೆಲ್ಲ ಕಿತ್ತು ಹೊಸದಾಗಿ ಮಾಡಿಸಬೇಕಾಯಿತು, ಒಂದಕ್ಕೆ 180ರಂತೆ 1,620 ರೂಪಾಯಿ ದಂಡ. ಟೇಪು ಕೀಳುವಾಗ ಎರಡು ಪ್ರಿಂಟಿನ ಅಂಚೂ ಹರಿಯಿತು. ಕೊನೆಗೆ ನೆಗೆಟಿವ್ ಸಾಲು ನೋಡಿದೆ. ಬಾಗಿಲಿನ ಫ್ರೇಮು 31, ಅದರ ಹಿಂದಿನವೆಲ್ಲ ಕುಸಿತಕ್ಕೆ ಮುಂಚಿನವು ಅನ್ನುವಷ್ಟು ಖಾತ್ರಿ. ‘2016ರ ಆಗಸ್ಟ್‌ಗೆ ಮುಂಚೆ’ ಅಂತಲೇ ಬರೆದೆ.

ಮೆಗಾಪಿಕ್ಸೆಲ್: ಅದಕ್ಕೇ ಡಿಜಿಟಲ್ ತಗೊಳ್ಳಿ ಅನ್ನೋದು. ತಾರೀಕು ತಾನಾಗೇ ಬರುತ್ತೆ.

ಹಳೇ ರೋಲು: ಬ್ಯಾಟರಿ ಸತ್ತು ಗಡಿಯಾರ ಹಿಂದಕ್ಕೆ ಹೋದರೆ ತಾನಾಗೇ ತಪ್ಪು ತಾರೀಕೂ ಬರುತ್ತೆ. ನಮ್ಮ ತಂಗಿ ಮದುವೆ ಫೋಟೊ ಪ್ರಕಾರ ಅವಳಿಗೆ ಆಗ ಹನ್ನೊಂದು ವರ್ಷ!

ಮೆಗಾಪಿಕ್ಸೆಲ್: ಗಡಿಯಾರ ಸರಿಮಾಡದವರಿಗೆ ಯಾವ ಕ್ಯಾಮೆರಾ ಕೊಟ್ಟೂ ಪ್ರಯೋಜನ ಇಲ್ಲ. ಇರಲಿ. ನಾನು ಬಣ್ಣದ ಪುಡಿ ಗುಡ್ಡೆಗಳ ಚಿತ್ರಕ್ಕೆ ಕ್ಯಾಪ್ಷನ್ನೇ ಹಾಕಲಿಲ್ಲ. ಕೆಂಪು ಯಾವಾಗಲೂ ಕಪ್ಪಗೇ ಬರುತ್ತೆ, ಕುಂಕುಮ ಅಂತ ಯಾರಿಗಾದರೂ ಗೊತ್ತಾಗುತ್ತೆ.

ಕತ್ತಲೆಕೋಣೆ: ಯಾವಾಗಲೂ ಅಲ್ಲ. ಕೆಂಪು ಫಿಲ್ಟರ್ ಹಾಕಿ ನೋಡಿ, ಕುಂಕುಮ ಬೂದಿಯ ಹಾಗೆ ಬೆಳ್ಳಗಾಗುತ್ತೆ. ಫಿಲ್ಟರ್ ಇಲ್ಲದಿದ್ದರೆ ಕುಂಕುಮವೂ ಪಕ್ಕದ ಹಸಿರು ಪುಡಿಯೂ ಹೆಚ್ಚುಕಮ್ಮಿ ಒಂದೇ ಬೂದು. ನನ್ನ ಚಿತ್ರ ನೋಡಿದವರು ‘ಸಿಮೆಂಟಾ?’ ಅಂತ ಕೇಳಿದ್ದರು. ಆಮೇಲೆ ‘ಎಡಗಡೆಯದು ಕುಂಕುಮ, ಬಲಗಡೆಯದು ಹಸಿರು’ ಅಂತ ಬರೆದೆ, ಅಷ್ಟೇ. ಚಿತ್ರ ನುಂಗಿದ್ದನ್ನು ಕ್ಯಾಪ್ಷನ್ ಕಕ್ಕಬೇಕು. ಕಾಣೋದನ್ನೇ ಮತ್ತೆ ಹೇಳೋಕೆ ಅದು ಯಾಕೆ?

ಎಲೆ ಅಂಗಡಿ: ನೀವೆಲ್ಲ ಪುಡಿ, ಬಾಗಿಲು ಅಂತ ಕೂತಿದ್ದೀರಿ. ನಮ್ಮಮ್ಮ ವೀಳ್ಯದೆಲೆ ಮಾರುತ್ತಿದ್ದವರು. ಯಾರೋ ಅವರ ಫೋಟೊ ತೆಗೆದು ‘ಬಡತನದ ಮೌನ’ ಅಂತ ಬರೆದಿದ್ದರು. ಅಮ್ಮ ಎಲೆ ಎಣಿಸುತ್ತಿದ್ದರು ಕಣ್ರೀ! ಮಾತಾಡಿದರೆ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡಬೇಕು. ‘ನಾನು ಅಳ್ತಿದ್ನಾ?’ ಅಂತ ನನ್ನನ್ನು ಎಷ್ಟು ದಿನ ಕೇಳಿದರೋ. ಒಂದು ನಿಮಿಷ ನಿಂತು ‘ಏನಮ್ಮಾ ಮಾಡ್ತಿದ್ದೀರಿ’ ಅಂದಿದ್ದರೆ ಕ್ಯಾಪ್ಷನ್ ಅವರೇ ಹೇಳುತ್ತಿದ್ದರು.

ಮೆಗಾಪಿಕ್ಸೆಲ್: ಕೇಳಿಕೊಂಡು ನಿಂತರೆ ಅದು ಬೀದಿ ಛಾಯಾಗ್ರಹಣವೇ ಅಲ್ಲ.

ಎಲೆ ಅಂಗಡಿ: ಫೋಟೊ ತೆಗೆದ ಮೇಲೆ ಕೇಳಿ ಅಂದೆ. ಎಲೆ ಕೊಳ್ಳೋ ನೆಪದಲ್ಲಾದರೂ.

ಪ್ರಶ್ನೆ ಕೇಳಿದವರು: ಪುಡಿ ಗುಡ್ಡೆಯ ಚಿತ್ರ ನನ್ನಲ್ಲೂ ಇದೆ. ಈಗ ತೆಗೆದು ನೋಡಿದೆ. ಕುಂಕುಮ ಯಾವುದು ಅಂತ ನನಗೇ ತಿಳಿಯುತ್ತಿಲ್ಲ. ಭಾನುವಾರ ಪ್ರಿಂಟು ಹಿಡಿದು ಆ ಅಂಗಡಿಗೇ ಹೋಗುತ್ತೇನೆ.