ಮೈಕ್ ಒಂದು ಇಂಚು ಸರಿಸಿ ನೋಡು

"ಮಾಮ, ಆಂಪ್ ಪಕ್ಕ ನಿಂತು ನುಡಿಸುವಾಗ ಗಿಟಾರ್ ಚಂದ ಕೇಳುತ್ತದೆ. ಮೈಕ್ ಇಟ್ಟು ರೆಕಾರ್ಡ್ ಮಾಡಿದರೆ ಕಿವಿಯಲ್ಲಿ ಸೊಳ್ಳೆ ಹೊಕ್ಕ ಹಾಗೆ. ಮೈಕ್ ಎಲ್ಲಿ ಇಡಬೇಕು?"

ಮಾರಾಯ, ಸ್ವಲ್ಪ ಉದ್ದ ಆಗುತ್ತದೆ, ಊಟ ಮಾಡುತ್ತಾ ಕೇಳು. ಗ್ರೂಪಿನ ಉಳಿದವರು ಕ್ಷಮಿಸಿ.

ನಿನ್ನ ಫೋಟೋ ನೋಡಿದೆ. ಎಸ್‌ಎಂ57 ಮೈಕನ್ನು ಸ್ಪೀಕರಿನ ನಟ್ಟನಡುವಿಗೆ ಗುರಿ ಇಟ್ಟಿದ್ದೀಯ. ಸೊಳ್ಳೆ ಇರುವುದು ಅಲ್ಲಿಯೇ. ಸ್ಪೀಕರಿನಿಂದ ಬಾಸ್ ಒಗ್ಗರಣೆ ವಾಸನೆಯ ಹಾಗೆ ಎಲ್ಲ ಕಡೆ ಹರಡುತ್ತದೆ. ಟ್ರೆಬಲ್ ಹಾಗಲ್ಲ, ಟಾರ್ಚ್ ಬೆಳಕಿನ ಹಾಗೆ ನಡುವಿನಿಂದ ನೇರ ಮುಂದಕ್ಕೆ ಹೋಗುತ್ತದೆ. ಆಂಪ್ ನೆಲದ ಮೇಲೆ ಉಂಟು, ನೀನು ನಿಂತಿದ್ದೀಯ. ಆ ಟಾರ್ಚ್ ನಿನ್ನ ಮೊಣಕಾಲಿಗೆ ಹೊಡೆಯುತ್ತದೆ, ಕಿವಿಗಲ್ಲ! ನಿನಗೆ ಚಂದ ಕೇಳುವುದು ಬದಿಯಿಂದ ಬಂದ ಮೆತ್ತಗಿನ ಸದ್ದು. ನಂಬಿಕೆ ಇಲ್ಲದಿದ್ದರೆ ವಾಲ್ಯೂಮ್ ತುಂಬ ತಗ್ಗಿಸಿ, ನೆಲದಲ್ಲಿ ಕೂತು, ಸ್ಪೀಕರಿನ ಎತ್ತರಕ್ಕೆ ತಲೆ ತಂದು ಕೇಳು. ಜೋರಾಗಿ ಇಟ್ಟು ಮಾತ್ರ ಮಾಡಬೇಡ, ಕಿವಿ ಹೋಗುತ್ತದೆ.

ಈಗ ಫೋನಿನ ಟಾರ್ಚ್ ಹಾಕಿ ಆಂಪಿನ ಬಟ್ಟೆಗೆ ಒತ್ತಿ ಹಿಡಿ. ಒಳಗೆ ಕೋನ್ ಕಾಣುತ್ತದೆ. ನಡುವೆ ಇಡ್ಲಿ ಕವುಚಿಟ್ಟ ಹಾಗೆ ಒಂದು ಉಬ್ಬು ಉಂಟಲ್ಲ, ಅದು ಡಸ್ಟ್ ಕ್ಯಾಪ್. ಬಟ್ಟೆಯ ಮೇಲೆ ಮೂರು ಕಡೆ ಪೇಪರ್ ಟೇಪ್ ಅಂಟಿಸು: ಇಡ್ಲಿಯ ನಡುವೆ ಒಂದು, ಇಡ್ಲಿ ಮುಗಿದು ಕೋನ್ ಶುರುವಾಗುವ ಗೆರೆಯಲ್ಲಿ ಒಂದು, ಕೋನಿನ ಹೊರ ಅಂಚಿನ ಹತ್ತಿರ ಒಂದು. ಮೈಕ್ ಬಟ್ಟೆಯಿಂದ ಎರಡು ಬೆರಳು ದೂರ, ನೇರ. ಮೂರು ಕಡೆಯೂ ಒಂದೇ ತುಣುಕನ್ನು ಇಪ್ಪತ್ತು ಸೆಕೆಂಡ್ ನುಡಿಸು. ಆಂಪಿನ ನಾಬ್ ಮುಟ್ಟಬೇಡ.

ಕೇಳುವಾಗ ಮೂರರ ವಾಲ್ಯೂಮೂ ಸಮ ಇರಲಿ. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಜೋರಾಗಿ ಕೇಳಿದ್ದೇ ಒಳ್ಳೆಯದು ಅಂತ ಕಿವಿ ಸುಮ್ನೆ ಮೋಸ ಹೋಗುತ್ತದೆ.

ನಡುವಿನದರಲ್ಲಿ ಪಿಕ್ ತಂತಿಗೆ ತಾಗುವ ಟಿಕ್ ಟಿಕ್, ಅದರ ಮೇಲೆ ಎಣ್ಣೆಯಲ್ಲಿ ಹಪ್ಪಳ ಬಿಟ್ಟ ಹಾಗೆ ಚರ್ರ್. ಅಂಚಿನದು ಕಂಬಳಿ ಹೊದ್ದು ಮಾತಾಡಿದ ಹಾಗೆ, ದಪ್ಪ, ಆದರೆ ಯಾವ ಸ್ವರ ಅಂತ ಬೇಗ ಗೊತ್ತಾಗುವುದಿಲ್ಲ. ಎರಡನೇ ಟೇಪಿನಲ್ಲಿ ಪಿಕ್ ಕೇಳುತ್ತದೆ, ಹಪ್ಪಳ ಕಡಿಮೆ. ನಾನು ಯಾವಾಗಲೂ ಅಲ್ಲಿಂದ ಶುರು ಮಾಡುತ್ತೇನೆ. ಇನ್ನೂ ಚುಚ್ಚಿದರೆ ಅರ್ಧ ಇಂಚು ಹೊರಗೆ, ಮಂಕಾದರೆ ಅರ್ಧ ಇಂಚು ಒಳಗೆ. ಅಷ್ಟು ಸಣ್ಣ ಸರಿಕೆ ಸಾಕು, ಹೆಡ್‌ಫೋನಿನಲ್ಲಿ ಸ್ಪಷ್ಟ ಗೊತ್ತಾಗುತ್ತದೆ. ಗಿಟಾರ್ ಒಂದನ್ನೇ ಕೇಳಿ ತೀರ್ಮಾನ ಮಾಡಬೇಡ. ಬಾಸ್ ಗಿಟಾರ್ ಮತ್ತು ಹಾಡಿನ ಜೊತೆ ಕೇಳು. ಒಂಟಿಯಾಗಿ ಸ್ವಲ್ಪ ಚೂಪು ಅನಿಸಿದ್ದು ಅಲ್ಲಿ ಸರಿಯಾಗಿ ಕೂರುವುದೇ ಜಾಸ್ತಿ.

ಆದರೆ ಆಂಪಿನಲ್ಲೇ ಡಿಸ್ಟಾರ್ಷನ್ ತುಂಬ ಏರಿಸಿದ್ದರೆ ಮೈಕ್ ಎಲ್ಲಿಟ್ಟರೂ ಚರ್ರ್ ಪೂರ್ತಿ ಹೋಗುವುದಿಲ್ಲ. ಆಗ ಗೇನ್ ಇಳಿಸಿ ಮೊದಲಿಂದ ಶುರು ಮಾಡು.

ಇನ್ನು ದೂರ. ಇದು ಬೇರೆಯೇ ಕೆಲಸ ಮಾಡುತ್ತದೆ. ಈ ಮೈಕ್ ಮುಂದಿನಿಂದ ಬರುವ ಸದ್ದನ್ನೇ ಹೆಚ್ಚು ಹಿಡಿಯುವ ಜಾತಿ. ಆ ಜಾತಿಯ ಮೈಕನ್ನು ಹತ್ತಿರ ತಂದಷ್ಟೂ ಬಾಸ್ ಉಬ್ಬುತ್ತದೆ. ಪ್ರಾಕ್ಸಿಮಿಟಿ ಎಫೆಕ್ಟ್ ಅನ್ನುತ್ತಾರೆ. ಬಟ್ಟೆಗೆ ತಾಗಿಸಿ ಇಟ್ಟರೆ ದಪ್ಪ ತಂತಿಗಳು ಗುಂಯ್ ಗುಂಯ್ ಅನ್ನಬಹುದು. ಹಾಗಾದರೆ ಸಾಫ್ಟ್‌ವೇರಿನಲ್ಲಿ ಬಾಸ್ ಕಡಿಯುವ ಮೊದಲು ಮೈಕನ್ನು ಎರಡು ಇಂಚು ಹಿಂದೆ ತಾ. ಆರು ಇಂಚಿಗೆ ಬಂದರೆ ಬಾಸ್ ಹಗುರಾಗುತ್ತದೆ, ಕೋಣೆಯ ಸದ್ದು ಸ್ವಲ್ಪ ಸೇರುತ್ತದೆ. ಅದಕ್ಕಿಂತ ಹಿಂದೆ ಹೋದರೆ ನಿಮ್ಮ ಮನೆಯ ಟೈಲ್ಸ್ ನೆಲದಿಂದ ಪುಟಿದ ಸದ್ದು ಚೂರು ತಡವಾಗಿ ಬಂದು ನೇರ ಸದ್ದಿಗೆ ಬೆರೆಯುತ್ತದೆ. ಕೆಲವು ಸ್ವರ ಟೊಳ್ಳಾಗಿ, ಕೊಳವೆಯೊಳಗೆ ನುಡಿಸಿದ ಹಾಗೆ ಕೇಳುತ್ತದೆ. ದಪ್ಪ ಚಾಪೆ ಅಥವಾ ಹಾಸಿಗೆ ಹಾಸಿದರೆ ಸ್ವಲ್ಪ ತಗ್ಗುತ್ತದೆ.

ನಾನೊಮ್ಮೆ ಜೂನ್ ತಿಂಗಳಲ್ಲಿ ಮಲ್ಪೆಯ ಗೆಳೆಯನ ಮನೆಯಲ್ಲಿ, ದೊಡ್ಡ ಸದ್ದು ಬರಲಿ ಅಂತ, ಒಂದೂವರೆ ಅಡಿ ದೂರ ಇಟ್ಟು ಇಡೀ ಮಧ್ಯಾಹ್ನ ರೆಕಾರ್ಡ್ ಮಾಡಿದೆ. ರಾತ್ರಿ ಕೇಳಿದರೆ ಗಿಟಾರಿನ ಹಿಂದೆ ಶೀಟಿನ ಮೇಲೆ ಮಳೆ, ಪಕ್ಕದಲ್ಲಿ ಫ್ಯಾನು. ನುಡಿಸುವಾಗ ಅದು ಒಂಚೂರೂ ಗಮನಕ್ಕೆ ಬಂದಿರಲಿಲ್ಲ. ಮರುದಿನ ಎರಡು ಇಂಚಿಗೆ ತಂದೆ. ಆಂಪ್ ಅಷ್ಟೇ ಜೋರು, ಆದರೆ ಮೈಕಿಗೆ ಗಿಟಾರ್ ಎಷ್ಟೋ ಜೋರಾಗಿ ಸಿಕ್ಕಿದ್ದರಿಂದ ಇಂಟರ್‌ಫೇಸಿನ ಗೇನ್ ಇಳಿಸಿದೆ. ಅದರ ಜೊತೆಗೆ ಮಳೆಯೂ ಇಳಿಯಿತು. ಈಗ ನಿಮ್ಮಲ್ಲಿಯೂ ಮಳೆ ಅಲ್ವಾ? ದೂರದ ಪ್ರಯೋಗ ಡಿಸೆಂಬರಿಗೆ ಇರಲಿ.

ನಾಳೆ ಮೂರು ತುಣುಕನ್ನೂ ಇಲ್ಲಿ ಹಾಕು. ಡಾಕ್ಯುಮೆಂಟ್ ಮಾಡಿ ಕಳಿಸು, ಆಡಿಯೋ ಹದಗೆಡಬಾರದು. ಯಾವುದು ಎಲ್ಲಿಯದು ಅಂತ ಬರೆಯಬೇಡ, ಸುಮ್ನೆ 1, 2, 3 ಅಂತ ಹಾಕು. ನಿನ್ನ ಅಮ್ಮನಿಗೂ ಕೇಳಿಸು, ಅವಳ ಕಿವಿ ನನ್ನದಕ್ಕಿಂತ ಚುರುಕು.