ಅಕೌಂಟ್ಸ್ ಅಸಿಸ್ಟೆಂಟ್ ಬೇಕು: ಜಾಹೀರಾತಿನಲ್ಲಿ ಏನು ಬರೆಯೋದು?

ಕುಮಟಾ ಹಾರ್ಡ್‌ವೇರ್ ಅಂಗಡಿ: ಸರ್, "ಬಿ.ಕಾಂ., 3 ವರ್ಷ ಅನುಭವ, ಟ್ಯಾಲಿಯಲ್ಲಿ ಪರಿಣತಿ. ಲೆಕ್ಕದ ಎಲ್ಲ ಕೆಲಸ, ಮಾಲೀಕರು ಹೇಳುವ ಇತರ ಕೆಲಸ." ಇಷ್ಟು ಸಾಕಾ? ಹಿಂದಿನ ಇಬ್ಬರೂ ನಿಲ್ಲಲಿಲ್ಲ.

ಆಡಿಟರ್, ಶಿರಸಿ: ಸಾಲದು. ಗಲ್ಲಾದಲ್ಲಿ ಯಾರು ಕೂರ್ತಾರೆ?

ಕುಮಟಾ: ಮಧ್ಯಾಹ್ನ ನಾನು ಇರೋದಿಲ್ಲ. ಅವರೇ. ಬ್ಯಾಂಕಿಗೆ ಕಟ್ಟೋದೂ ಅವರೇ.

ಆಡಿಟರ್: ಅದೇ ಚಿಂತೆ. ದುಡ್ಡು ತಗೊಳ್ಳೋದು, ಬರೆಯೋದು, ತಾಳೆ ನೋಡೋದು ಮೂರೂ ಒಬ್ಬರ ಕೈಯಲ್ಲಿ! ಇವತ್ತು ಬಂದ ಉದ್ರಿ ಹಣ ಜೇಬಿಗಿಳಿಸಿ, ಮುಂದಿನ ವಾರ ಇನ್ನೊಬ್ಬ ಗಿರಾಕಿಯ ಹಣದಿಂದ ಅದನ್ನು ಜಮಾ ತೋರಿಸಿದರೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಗಿರಾಕಿ 3ನೇ ತಾರೀಖಿಗೆ ಕೊಟ್ಟೆ ಅಂತಾನೆ, ಖಾತೆಯಲ್ಲಿ 12ನೇ ತಾರೀಖು ಅಂತಿರುತ್ತದೆ. ಪದೇ ಪದೇ ಹೀಗಾದರೆ ಎಚ್ಚರ.

"ಎಲ್ಲ ಕೆಲಸ" ತೆಗೆದು ಹೀಗೆ ಬರೆಯಿರಿ: ಖರೀದಿ, ಮಾರಾಟದ ಬಿಲ್ ಅದೇ ದಿನ ಟ್ಯಾಲಿಗೆ ಹಾಕುವುದು. ಪ್ರತಿ ಸೋಮವಾರ 30 ದಿನ ದಾಟಿದ ಉದ್ರಿ ಪಟ್ಟಿ ಮಾಲೀಕರಿಗೆ ಕೊಡುವುದು. ಹಿಂದಿನ ತಿಂಗಳ ಮಾರಾಟದ ಲೆಕ್ಕ 8ನೇ ತಾರೀಖಿನೊಳಗೆ ಆಡಿಟರ್‌ಗೆ ಕಳಿಸುವುದು. ಪ್ರತಿ ತಿಂಗಳ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ಕ್ಕೆ 11 ಕೊನೆ, ಅದಕ್ಕೇ 8. ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳ ಪಟ್ಟಿ, ಜಿಎಸ್‌ಟಿಆರ್-2ಬಿ, 14ಕ್ಕೆ ಬರುತ್ತದೆ. ಅದರಲ್ಲಿ ಕಾಣದ ಖರೀದಿ ಬಿಲ್ ಹುಡುಕಿ, ಮಾಲು ಕೊಟ್ಟವರಿಗೆ ಫೋನ್ ಮಾಡುವುದು. ಕೊನೆಗೆ: ನಗದು ಮುಟ್ಟುವಂತಿಲ್ಲ, ಚೆಕ್‌ಗೆ ಸಹಿ ಇಲ್ಲ.

ಬ್ಯಾಂಕ್ ತಾಳೆ ಅವರು ಮಾಡಲಿ, ಆದರೆ ಸ್ಟೇಟ್‌ಮೆಂಟ್ ನೀವೇ ಬ್ಯಾಂಕಿನಿಂದ ತೆಗೆಯಿರಿ.

"ಪರಿಣತಿ" ಅಂದ್ರೆ ಎಲ್ಲರೂ ಹೌದು ಅಂತಾರೆ. ಹತ್ತು ಬಿಲ್ ಕೊಟ್ಟು ಎದುರಿಗೇ ಎಂಟ್ರಿ ಮಾಡಿಸಿ. ಅದರಲ್ಲಿ ಒಂದು ಮಾಲು ವಾಪಸ್ ಬಂದ ಬಿಲ್ ಇರಲಿ.

ಅಂಕೋಲಾ ಸದಸ್ಯ: ರೆಡಿ ಫಾರ್ಮ್ಯಾಟ್ ಇದ್ರೆ ಹಾಕಿ ಸರ್.

ಆಡಿಟರ್: ಮೇಲೆ ಓದಿ.

ಶಿರಸಿ ಅಡಿಕೆ ವ್ಯಾಪಾರಿ: ಮಾರಾಯ್ರೆ, ಇಷ್ಟು ಬರೆದರೆ ಯಾರೂ ಬರೋದಿಲ್ಲ. ರಿಟರ್ನ್ ತುಂಬೋದೂ ಅವರಿಗೇ ಹಾಕಿ, ಆಡಿಟರ್ ಫೀ ಉಳೀತದೆ.

ಆಡಿಟರ್: ತುಂಬೋಕೆ ಬರುವವರಿದ್ದರೆ ಹಾಕಿ, ಬೇಡ ಅನ್ನೋದಿಲ್ಲ. ಆ ಕೆಲಸಕ್ಕೆ ತಕ್ಕ ಸಂಬಳವನ್ನೂ ಬರೆಯಿರಿ.

ಕಾರವಾರದ ಅಕ್ಕ: ನನ್ನ ಮಗಳು ಈ ವರ್ಷ ಬಿ.ಕಾಂ. ಮುಗಿಸಿದಳು. ಎಷ್ಟು ಕೊಡ್ತೀರಿ?

ಅಂಕೋಲಾ: ಇದು ಬಂತು ನೋಡಿ: "ಒತ್ತಡ ತಾಳಬಲ್ಲ, ಚುರುಕಾದ ಅಭ್ಯರ್ಥಿ. ಮೂಲ ಅಂಕಪಟ್ಟಿ ಠೇವಣಿ ಇಡಬೇಕು." ಚೆನ್ನಾಗಿದೆ ಅಲ್ವಾ?

ಆಡಿಟರ್: ಎಲ್ಲಿಂದ ಹೆಕ್ಕಿ ತರ್ತೀರಿ ಇದನ್ನೆಲ್ಲ? ಅಂಕಪಟ್ಟಿ ಇಟ್ಟುಕೊಳ್ಳಬೇಡಿ, ಜಗಳ ಮೈಮೇಲೆ ಬರುತ್ತದೆ. ನಕಲು ಸಾಕು.

ಅಡಿಕೆ ವ್ಯಾಪಾರಿ: ಇಡದಿದ್ದರೆ ಮಾರ್ಚ್‌ನಲ್ಲಿ ಬಿಟ್ಟು ಓಡ್ತಾರೆ.

ಕಾರವಾರದ ಅಕ್ಕ: ಗೋಡೌನ್‌ನಲ್ಲಿ ಮೂಟೆ ಎಣಿಸೋಕೆ ಹಚ್ಚಿದರೆ ಓಡದೆ ಏನು? "ಇತರ ಕೆಲಸ" ಅಂದ್ರೆ ಅದೇ ಅಲ್ವಾ?

ಅಡಿಕೆ ವ್ಯಾಪಾರಿ: ನೀವು ವ್ಯಾಪಾರ ಮಾಡಿ ನೋಡಿ, ಆಮೇಲೆ ಮಾತಾಡಿ.

ಕುಮಟಾ: ನಿಮ್ಮ ಜಗಳ ಆಮೇಲೆ. ಸರ್, ನಗದು ಮುಟ್ಟಬಾರದು ಅಂದ್ರೆ ಮಧ್ಯಾಹ್ನ ಗಲ್ಲಾಕ್ಕೆ ಯಾರನ್ನ ಕೂರಿಸಲಿ?